ಅವ್ವನ ಚಕ್ಕರ್ ಗುಳಿಗೆ

ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ನನ್ನ ತವರಿನವರು ಊರು ಠಾಣಾ ಕುಶನೂರ ಬಿಟ್ಟು, ಮೇವು ಸಿಕ್ಕ ಕಡೆ ಕುರಿ ಹೊಡೆದುಕೊಂಡು ಹೋಗುತ್ತಿದ್ದರು. ನನ್ನ ತಮ್ಮ ಮುಂದೆ, ಅವನ ಹೆಂಡತಿ ಹಿಂದೆ, ನಡುವೆ ತಕಲಿ ತಿರುಗಿಸಿ ಉಣ್ಣೆ ನೂಲುತ್ತಾ ನಮ್ಮವ್ವ. ನಡೆಯುತ್ತಲೇ ನೂಲುವುದು ಅವಳ ವಿದ್ಯೆ. ನಾನೋ, ಮನೆಯಲ್ಲಿ ಮೊದಲು ಓದಿದವಳು. ಭಾಲ್ಕಿಯ ಒಂದು ಔಷಧಿ ಅಂಗಡಿಯಲ್ಲಿ ಬಿಳಿ ಕೋಟು ಹಾಕಿಕೊಂಡು ನಿಲ್ಲುತ್ತಿದ್ದೆ. ಗತ್ತಿಗೇನೂ ಕಮ್ಮಿ ಇರಲಿಲ್ಲ.

ಒಂದು ಬೇಸಿಗೆ ಅವ್ವನಿಗೆ ತಲೆ ತಿರುಗತೊಡಗಿತು. ಭಾಲ್ಕಿಯ ಡಾಕ್ಟರು ಸಿನ್ನರಿಜಿನ್ ಬರೆದರು. ಚಕ್ಕರ್ ತಗ್ಗಿತು, ಆದರೆ ನಿದ್ದೆ ಬಿಡಲಿಲ್ಲ. ಹಾಡಹಗಲೇ ಬೇವಿನ ಬುಡದಲ್ಲಿ ಅವ್ವ ಗೊರಕೆ ಹೊಡೆದಳು, ಕುರಿಗಳು ಯಾರದೋ ತೊಗರಿ ಹೊಲ ಹೊಕ್ಕವು, ದೊಡ್ಡ ಜಗಳವಾಯಿತು. ಡಾಕ್ಟರು ಗುಳಿಗೆ ಬದಲಿಸಿ ಫ್ಲುನರಿಜಿನ್ ಬರೆದರು. ರಾತ್ರಿ ಮಲಗುವಾಗ ಒಂದೇ ಒಂದು. ತಿಂಗಳಾದ ಮೇಲೆ ಬಂದು ತೋರಿಸಿ ಎಂದೂ ಹೇಳಿದರು.

ತಿಂಗಳಾಗುವಷ್ಟರಲ್ಲಿ ಹಿಂಡು ಮಂಜ್ರಾ ನದಿ ದಾಟಿತ್ತು. ಅವ್ವನ ಬದಲು ಖಾಲಿ ಸ್ಟ್ರಿಪ್ ಬಂತು. ಊರಿಗೆ ಹೊರಟ ಯಾರದೋ ಕೈಯಲ್ಲಿ ಖಾಲಿ ಸ್ಟ್ರಿಪ್ ಕೊಟ್ಟು ಕಳಿಸಿ ಅದೇ ಗುಳಿಗೆ ತರಿಸುವುದು ನಮ್ಮ ಕಡೆಯ ಪದ್ಧತಿ. ನಾನು ಒಂದಲ್ಲ, ಮೂರು ತಿಂಗಳಿಗಾಗುವಷ್ಟು ಕಟ್ಟಿ ಕಳಿಸುತ್ತಿದ್ದೆ. ಅಡವಿಯಲ್ಲಿ ಅವಳಿಗೆ ಔಷಧಿ ತಪ್ಪಬಾರದಲ್ಲ! ಎರಡು ವರ್ಷ ಹೀಗೇ ನಡೆಯಿತು. ಚಕ್ಕರ್ ಇನ್ನೂ ಇದೆಯಾ ಎಂದು ಒಂದು ಸಲವೂ ಕೇಳಲಿಲ್ಲ.

ಮಳೆ ಬಿದ್ದ ವರ್ಷ ಅವರೆಲ್ಲ ತಿರುಗಿ ಬಂದರು. ಟೆಂಪೊದಿಂದ ಇಳಿದ ಮುದುಕಿ ಅವ್ವ ಎಂದು ತಿಳಿಯಲು ನಾನು ಎರಡು ಸಲ ನೋಡಬೇಕಾಯಿತು. ಸಣ್ಣ ಸಣ್ಣ ಹೆಜ್ಜೆ, ಮೈಯೆಲ್ಲ ಕಟ್ಟಿಗೆ, ಕೈಯಲ್ಲಿ ನಡುಕ. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ತಕಲಿ ಚೀಲದ ತಳ ಸೇರಿತ್ತು.

"ವಯಸ್ಸಾತಲ್ಲಕ್ಕ," ಅಂದ ತಮ್ಮ. "ಮಾತೇ ಆಡಂಗಿಲ್ಲ. ಸುಮ್ ಕೂತು ಅಳ್ತಾಳ. ನಾ ಸತ್ರ ಛಲೋ ಅಂತಾಳ."

ಕಂಪವಾತ, ಇನ್ನು ಅವಳ ಕೈ ತಿರುಗಿ ಬರುವುದಿಲ್ಲ ಎಂದು ಊರೆಲ್ಲ ತೀರ್ಮಾನ ಕೊಟ್ಟಿತ್ತು. ನಾನೂ ನಂಬಿದ್ದೆ. ಅದಕ್ಕೂ ಒಂದು ಗುಳಿಗೆ ಬರೆಸಿಕೊಂಡು ಬರೋಣವೆಂದು ಬೀದರಿನ ನರರೋಗದ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಅವ್ವನ ಮೊಣಕೈ ಮಡಚಿ, ಬಿಡಿಸಿ, ನಡೆಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಗುಳಿಗಿ ಏನೇನ್ ತಗೋತಾರ?"

ನಾನು ಹೆಮ್ಮೆಯಿಂದಲೇ ಸ್ಟ್ರಿಪ್ ಮುಂದಿಟ್ಟೆ.

"ಎಷ್ಟು ದಿನ ಆತ್ರಿ?"

"ಎರಡು ವರ್ಷ ಆತ್ರಿ."

"ಯಾರ್ ಕೊಡ್ಲತ್ತಾರ?"

"ನಾನೇರಿ," ಅಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ವಯಸ್ಸಾದವ್ರಿಗಿ ಇದು ಭಾಳ ದಿನ ಕೊಡಬಾರ್ದ್ರಿ. ಮೈ ಬಿಗೀತದ, ನಡಕ ಬರ್ತದ, ಮನಸ್ಸು ಕುಗ್ತದ. ಚಕ್ಕರಿಗಿ ಕೊಡೋ ಸಿನ್ನರಿಜಿನ್ನೂ ಹಿಂಗೇ ಮಾಡ್ತದ. ಹೊಸಾದೇನ್ ಬ್ಯಾಡ, ಇದನ್ನ ನಿಂದರಸ್ರಿ. ಮೈಯಿಂದ ಹೋಗ್ಲಿಕ್ಕ ವಾರಗಟ್ಲೆ ಬೇಕು. ಸುಧಾರಸ್ಲಿಕ್ಕ ತಿಂಗಳುಗಟ್ಲೆ ಹಿಡೀಬಹುದು. ಪೂರಾ ಮೊದಲಿನಂಗ ಆಗ್ತಾರಂತ ಮಾತು ಕೊಡಂಗಿಲ್ಲ."

ಮೊದಲ ತಿಂಗಳು ಏನೂ ಆಗಲಿಲ್ಲ. ನಾನು ದೇವರಿಗೆ ಹರಕೆ ಹೊತ್ತೆ, ನನ್ನನ್ನೇ ಶಪಿಸಿಕೊಂಡೆ. ಎರಡನೆಯ ತಿಂಗಳು ಅವ್ವ ತಾನೇ ತುತ್ತು ಕಲಸಿ ಉಂಡಳು. ಒಂದು ದಿನ ಸಾರಿಗೆ ಉಪ್ಪು ಕಮ್ಮಿ ಎಂದು ಸೊಸೆಗೆ ಬೈದಳು. ಬೈಸಿಕೊಂಡವಳು ಕಣ್ಣೊರೆಸಿಕೊಂಡು ನಕ್ಕಳು. ನಾಲ್ಕನೆಯ ತಿಂಗಳು ನಾನು ಊರಿಗೆ ಹೋದಾಗ ಅವ್ವ ಹಟ್ಟಿಯ ಮುಂದೆ ನಿಂತಿದ್ದಳು. ಕೈಯಲ್ಲಿ ತಕಲಿ ಗಿರ್ರನೆ ತಿರುಗುತ್ತಿತ್ತು, ಎಳೆ ತುಂಡಾಗದೆ ಇಳಿಯುತ್ತಿತ್ತು. ಅಷ್ಟು ದಿನ ಆ ವಿದ್ಯೆ ಅವಳ ಮೈಯಲ್ಲಿ ಎಲ್ಲಿ ಅಡಗಿ ಕೂತಿತ್ತು? ಯಾರೂ ಏನೂ ಕೊಟ್ಟಿರಲಿಲ್ಲ. ನಾನು ಕೊಡುವುದನ್ನು ನಿಲ್ಲಿಸಿದ್ದೆ, ಅಷ್ಟೇ. ಇಷ್ಟು ದೊಡ್ಡ ಪವಾಡವನ್ನು ನಾನು ಮತ್ತೆ ಕಂಡಿಲ್ಲ.

ಹತ್ತಿರ ಹೋಗಿ, ಎರಡು ವರ್ಷದ ಹಿಂದೆಯೇ ಕೇಳಬೇಕಿದ್ದುದನ್ನು ಕೇಳಿದೆ. "ಅವ್ವಾ, ಚಕ್ಕರ್ ಯಾವಾಗ ನಿಂತಿತ್ತು?"

"ಮೊದಲ್ನೇ ತಿಂಗಳೇ ನಿಂತಿತ್ತಲ್ಲವ್ವ."

"ಮತ್ಯಾಕ ನುಂಗಿದಿ?"

ಅವ್ವ ತಕಲಿ ನಿಲ್ಲಿಸಲಿಲ್ಲ. "ನೀ ಕಳಸ್ತಿದ್ದಿಯಲ್ಲ. ಅಡವ್ಯಾಗ ಬ್ಯಾರೆ ಏನ್ ಬರ್ತಿತ್ತು ನಿನ್ನ ಕಡಿಂದ? ಮಲಗಾಗ ಒಂದು ನುಂಗಿದ್ರ, ಮಗಳು ಮಾತಾಡ್ಸಿದಂಗ ಆಗ್ತಿತ್ತು."

ಮುಂದಿನ ಬರಕ್ಕೆ ಹಿಂಡು ಮತ್ತೆ ಹೊರಟಿತು, ಜೊತೆಗೆ ಅವ್ವನೂ. ಆ ಸಲ ನಾನು ಯಾರ ಕೈಯಲ್ಲೂ ಏನೂ ಕಳಿಸಲಿಲ್ಲ. ಅಂಗಡಿಗೆ ರಜೆ ಇದ್ದಾಗಲೆಲ್ಲ ಬಸ್ಸು ಹಿಡಿದು ಹಿಂಡು ಇದ್ದಲ್ಲಿಗೆ ನಾನೇ ಹೋದೆ.