ಲೀಟರಿಗೆ ಒಂದೂವರೆ ಯೂನಿಟ್

ನನಗೆ ಸಿಟ್ಟು ಬೇಗ. ಅದರಲ್ಲೂ ಅರ್ಧ ಲೆಕ್ಕ ಕಲಿತವರು ಇನ್ನೊಬ್ಬರನ್ನು ಕಳ್ಳ ಎಂದರೆ ನಾಲಗೆ ನನ್ನ ಮಾತು ಕೇಳುವುದೇ ಇಲ್ಲ. ಡಿಪ್ಲೊಮಾ ಮುಗಿಸಿ ಉಡುಪಿಯಲ್ಲಿ ಜನರೇಟರ್ ಸರ್ವಿಸ್ ಶುರು ಮಾಡಿದ ವರ್ಷಗಳಲ್ಲಿ, 'ಹೆಂಗಸು ಬಂದು ಎಂತ ರಿಪೇರಿ ಮಾಡುವುದು?' ಎಂದವರಿಗೆಲ್ಲ ಅಲ್ಲೇ ಉತ್ತರ ಕೊಟ್ಟು ನನಗೆ ಅದು ಅಭ್ಯಾಸವಾಗಿತ್ತು.

ಎರಡು ಸಾವಿರದ ಮೂರರ ಸುಮಾರಿಗೆ ಕಾಪುವಿನ ಹೆದ್ದಾರಿ ಬದಿಯ ಒಂದು ಲಾಡ್ಜಿನಿಂದ ಫೋನ್ ಬಂತು. ಅದರ ಧಣಿಗಳಿಗೆ ಮಲ್ಪೆಯಲ್ಲಿ ಐಸ್ ಪ್ಲಾಂಟ್ ಇತ್ತು. ಅಲ್ಲಿದ್ದಂಥದ್ದೇ ನೂರ ಇಪ್ಪತ್ತೈದು ಕೆವಿಎ ಜನರೇಟರ್ ಸೆಟ್ಟನ್ನು ಲಾಡ್ಜಿಗೂ, ಅದರ ಮದುವೆ ಹಾಲಿಗೂ ಸೇರಿಸಿ ತಂದು ನಿಲ್ಲಿಸಿದ್ದರು. ಫಿಲ್ಟರ್ ಬದಲಿಸಲಿಕ್ಕೆ ಕರೆದಿದ್ದಾರೆ ಅಂದುಕೊಂಡು ಹೋದೆ. ನೋಡಿದರೆ ಅಲ್ಲಿ ಪಂಚಾಯ್ತಿ!

"ಮಲ್ಪೆಯಲ್ಲಿ ಲೀಟರಿಗೆ ಮೂರೂವರೆ ಯೂನಿಟ್ ಮೈಲೇಜ್ ಉಂಟು. ಇಲ್ಲಿ ಒಂದೂವರೆ. ಬಾಕಿ ಡೀಸೆಲ್ ಎಲ್ಲಿ ಹೋಯ್ತು, ನೀನೇ ಹೇಳು ಮಾರಾಯ್ತಿ," ಎಂದರು ಧಣಿಗಳು.

ಜನರೇಟರ್ ನೋಡಿಕೊಳ್ಳುತ್ತಿದ್ದ ಆಪರೇಟರ್ ಬಾಗಲಕೋಟೆ ಕಡೆಯವನು. ಅವನ ಹೆಂಡತಿಗೂ ಅಲ್ಲೇ ಪಾತ್ರೆ ತೊಳೆಯುವ ಕೆಲಸ; ಇಬ್ಬರೂ ಹಾಲಿನ ಹಿಂದಿನ ಕೋಣೆಯಲ್ಲಿದ್ದರು. ಸಂಕ್ರಮಣದ ದಿನ ದೈವಸ್ಥಾನಕ್ಕೆ ಬಂದು, ಕದ್ದಿಲ್ಲ ಎಂದು ಅವನು ಆಣೆ ಹಾಕಬೇಕು, ಇಲ್ಲವಾದರೆ ಕೋಣೆ ಖಾಲಿ ಮಾಡಬೇಕು: ಇದು ಧಣಿಗಳ ತೀರ್ಮಾನ.

"ಆಣಿ ಮಾಡ್ತೀನ್ರಿ. ನನಗೇನು ಅಂಜಿಕಿಲ್ಲ," ಎಂದ ಅವನು. ಕಣ್ಣುಗಳು ಕೆಂಪಾಗಿದ್ದವು.

ನನಗೆ ಮೈ ಉರಿಯಿತು. "ಡೀಸೆಲಿನ ಲೆಕ್ಕಕ್ಕೆ ದೈವವನ್ನು ಯಾಕೆ ಎಬ್ಬಿಸುತ್ತೀರಿ ಧಣಿಗಳೇ? ಮೀಟರ್ ಉಂಟಲ್ಲ!" ಎಂದೆ.

ಸೆಟ್ಟಿನ ಟ್ಯಾಂಕನ್ನು ಬಾಯಿಯವರೆಗೆ ತುಂಬಿಸಿದೆ. ಮುಚ್ಚಳಕ್ಕೆ ಬೀಗ ಹಾಕಿಸಿ ಕೀಲಿಯನ್ನು ಧಣಿಗಳ ಜೇಬಿಗೇ ಹಾಕಿಸಿದೆ. ಆಪರೇಟರನ್ನು ಅವರ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಅಂದು ಸಮಾರಂಭ ಏನೂ ಇರಲಿಲ್ಲ. ಕರೆಂಟ್ ಇದ್ದರೂ ಲೈನ್ ತಪ್ಪಿಸಿ, ಕೋಣೆಗಳ ಫ್ಯಾನು, ಟ್ಯೂಬ್‌ಲೈಟು, ಕೌಂಟರಿನ ಫ್ರಿಜ್ಜು ಇಷ್ಟನ್ನೇ ಒಂದು ಗಂಟೆ ಜನರೇಟರಿನಲ್ಲಿ ಓಡಿಸಿದೆ. ಪ್ಯಾನಲಿನ ಮೀಟರ್ ಒಂಬತ್ತು ಯೂನಿಟ್ ತೋರಿಸಿತು. ಟ್ಯಾಂಕ್ ಮತ್ತೆ ತುಂಬಲಿಕ್ಕೆ ಧಣಿಗಳೇ ಅಳತೆಯ ಕ್ಯಾನಿನಿಂದ ಸುರಿದರು. ಆರು ಲೀಟರ್ ಹಿಡಿಯಿತು. ಲೀಟರಿಗೆ ಅದೇ ಒಂದೂವರೆ!

"ಈಗ ಯಾರು ಕದ್ದದ್ದು? ಕೀಲಿ ನಿಮ್ಮ ಹತ್ತಿರವೇ ಇತ್ತಲ್ವಾ?" ಎಂದೆ. ಧಣಿಗಳು ಜೇಬು ಮುಟ್ಟಿ ನೋಡಿಕೊಂಡರು. ಆಪರೇಟರ್ ನಗಲಿಲ್ಲ, ನಾನು ನಕ್ಕುಬಿಟ್ಟೆ.

ಆಮೇಲೆ ಹಾಲಿನ ಏಸಿ, ಬೋರ್‌ವೆಲ್ ಪಂಪು, ಗೀಸರುಗಳು, ಅಡುಗೆಮನೆಯ ಗ್ರೈಂಡರು, ಇದ್ದಬದ್ದದ್ದನ್ನೆಲ್ಲ ಹಾಕಿಸಿದೆ. ಅದೇ ಒಂದು ಗಂಟೆಗೆ ಎಪ್ಪತ್ತು ಯೂನಿಟ್, ಇಪ್ಪತ್ತು ಲೀಟರ್. ಲೀಟರಿಗೆ ಮೂರೂವರೆ! ಮಲ್ಪೆಯ ಲೆಕ್ಕವೇ ಬಂತು.

"ಇದೆಂತ ಇದು?" ಎಂದರು ಧಣಿಗಳು.

"ಕಾರ್ಕಳದ ಬಸ್ಸು ಖಾಲಿ ಹೋದರೆ ಡೀಸೆಲ್ ಬೇಡ ಅನ್ನುತ್ತದಾ? ಲೋಡ್ ಇರಲಿ ಬಿಡಲಿ, ಇಂಜಿನು ತಿರುಗಬೇಕು, ಅದರ ಫ್ಯಾನು ತಿರುಗಬೇಕು, ಅದಕ್ಕೇ ಗಂಟೆಗೆ ಒಂದಷ್ಟು ಲೀಟರ್ ಹೋಗಿಯೇ ಹೋಗುತ್ತದೆ. ಐಸ್ ಪ್ಲಾಂಟಿನ ಕಂಪ್ರೆಸರು ಇಡೀ ದಿನ ಅಲ್ಲಿನ ಸೆಟ್ಟಿಗೆ ಕತ್ತಿನ ಮಟ್ಟ ಕೆಲಸ ಕೊಡುತ್ತದೆ, ಹಾಗಾಗಿ ಆ ಖರ್ಚು ತುಂಬ ಯೂನಿಟ್‌ಗಳ ಮೇಲೆ ಹಂಚಿಹೋಗುತ್ತದೆ. ಇಲ್ಲಿ ಒಂಬತ್ತೇ ಯೂನಿಟ್ ಅದನ್ನೆಲ್ಲ ಹೊರಬೇಕು. ಮೈಲೇಜ್ ಅನ್ನುವ ಶಬ್ದವೇ ನಿಮ್ಮನ್ನು ಹಾಳು ಮಾಡಿದ್ದು."

ಡೀಸೆಲ್ ಆಗ ಲೀಟರಿಗೆ ಇಪ್ಪತ್ತೆರಡು ರೂಪಾಯಿಯ ಆಸುಪಾಸು. ವಿದ್ಯುತ್ ಕಂಪೆನಿಯ ಕರೆಂಟಿನ ಯೂನಿಟ್ಟಿಗೆ ಅವರು ಐದೂವರೆ ಕೊಡುತ್ತಿದ್ದರು. ಹಾಲ್ ತುಂಬಿದ್ದಾಗ ಜನರೇಟರಿನ ಯೂನಿಟ್ ಡೀಸೆಲಿಗೇ ಆರು ಚಿಲ್ಲರೆ; ಸಹಿಸಬಹುದು. ಬರೀ ಫ್ಯಾನು, ದೀಪಕ್ಕೆ ಓಡಿಸಿದರೆ ಹದಿನಾಲ್ಕು ದಾಟುತ್ತದೆ. ಅಷ್ಟಕ್ಕೆ ಒಂದು ಸಣ್ಣ ಸೆಟ್ ತನ್ನಿ, ದೊಡ್ಡದನ್ನು ಮದುವೆಗಿಡಿ ಎಂದೆ. ಅವರು ಮುಂದಿನ ತಿಂಗಳೇ ತಂದರು.

ಆದರೆ ಅಂದು ಅವರು ಆಪರೇಟರಿಗೆ, "ಆಯ್ತು, ಆಣೆ ಬೇಡ. ಕೆಲಸಕ್ಕೆ ಹೋಗು," ಎಂದಷ್ಟೇ ಹೇಳಿ ಏಳಹೊರಟರು. ಅವನು ಕುರ್ಚಿಯಿಂದ ಅಲ್ಲಾಡಲಿಲ್ಲ.

"ಸಾವ್ಕಾರ್ರ, ನಿಮಗ ತಿಳೀತು. ನನ್ನ ಹೇಣ್ತಿ ನಿನ್ನೆ ನನ್ನ ಅಂಗಿ ಮೂಸಿ ನೋಡಿದ್ಲ್ರಿ. ಡೀಸೆಲ್ ವಾಸ್ನಿ ಬರತೈತಿ, ಖರೇನ ತಗೊಂಡಿಯೇನು ಅಂತ ಕೇಳಿದ್ಲು. ಇಂಜಿನ್ ಕೆಲಸದವನ ಅಂಗಿ ಮತ್ತೇನು ನಾರಬೇಕ್ರೀ? ಅಕಿಗೆ ನೀವ ಬಂದು ಹೇಳ್ರಿ."

ಧಣಿಗಳು ಚಪ್ಪಲಿ ಮೆಟ್ಟಿ, ಡೀಸೆಲ್ ಮೆತ್ತಿದ್ದ ತಮ್ಮ ಕೈಯನ್ನೂ ಒರೆಸಿಕೊಳ್ಳದೆ, ಹಾಲಿನ ಹಿಂದಿನ ಕೋಣೆಯ ಕಡೆಗೆ ನಡೆದರು.