ಕೊಡಬ್ಯಾಡ್ರಿ

ಆ ಬೆಳಿಗ್ಗೆ ಕಮಲಾಪುರದ ದಾರಿಯಲ್ಲಿ ಬಿಸಿಲಿತ್ತು ಎಂದು ಬರೆದು ಹೊಡೆದುಹಾಕಿದ್ದೇನೆ. ಮೋಡವೂ ಇದ್ದಿರಬಹುದು. ಖಚಿತವಾಗಿ ಉಳಿದಿರುವುದು ಫೋನಿನಲ್ಲಿರುವ ಮೂರು ವಾಕ್ಯಗಳು ಮಾತ್ರ. ಅವನ್ನು ನಾನು ಬರೆದದ್ದಲ್ಲ, ಹೇಳಿದ್ದು.

ನಾನು ಕಲಬುರಗಿಯ ಜೇವರ್ಗಿ ಕಾಲೋನಿಯಿಂದ ದಿನಾ ಕಮಲಾಪುರದ ಕಾಲೇಜಿಗೆ ಕಾರು ಓಡಿಸಿಕೊಂಡು ಹೋಗಿ ಪಾಠ ಮಾಡುತ್ತೇನೆ. ಮನೆಯಲ್ಲಿ ಅಡುಗೆ ಗಂಡನದು. ರೊಟ್ಟಿ ಬಡಿಯುವಾಗ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು, ಹಿಟ್ಟಿನ ಕೈ ತಾಗಿಸದೆ ಅದರ ಜೊತೆ ಮಾತಾಡುತ್ತಾರೆ. ಬೇಳೆಗೆ ಟೈಮರ್, ಗ್ಯಾಸ್ ಬುಕ್ ಮಾಡಲು ರಿಮೈಂಡರ್, ಬಂದ ಮೆಸೇಜನ್ನು ಓದಿಸುವುದು, ಎಲ್ಲ ಬಾಯಿಂದಲೇ. "ಫೋನ್ ಮಾಡಬ್ಯಾಡ, ಎತ್ತಾಕ ಆಗಂಗಿಲ್ಲ. ಮೆಸೇಜ್ ಹಾಕು, ಅದೇ ಓದಿ ಹೇಳ್ತದ" ಎಂದು ಅವರೇ ನನಗೆ ಕಲಿಸಿದ್ದು.

ನನ್ನ ಅಪ್ಪ ನಮ್ಮ ಜೊತೆಗೇ ಇದ್ದಾರೆ. ಹರ್ನಿಯಾ. ಕಿವಿಗೆ ಮಷೀನು. ಆಪರೇಷನ್ನಿಗೆ ಅವರನ್ನು ಒಪ್ಪಿಸಲು ತಿಂಗಳುಗಟ್ಟಲೆ ಹಿಡಿಯಿತು. ಕೊನೆಗೆ, ಯಾರ ಮುಖವನ್ನೂ ನೋಡದೆ, "ಆತು, ಒಂದ್ ಸಲ ಹೋಗಿ ಬರ್ತೀನಿ" ಎಂದಿದ್ದರು. ನಾನು ಹೇಳುತ್ತಿರುವ ದಿನದ ಮರುದಿನಕ್ಕೆ ದಿನಾಂಕ ಸಿಕ್ಕಿತ್ತು. ಆದರೆ ಆ ಬೆಳಿಗ್ಗೆ ನಾನು ಊರ ಹೊರಗೆ ಬಂದಾಗ ಆಸ್ಪತ್ರೆಯಿಂದ ಫೋನು: ಒಂದು ಜಾಗ ಖಾಲಿಯಾಗಿದೆ, ಇವತ್ತೇ ಹನ್ನೆರಡಕ್ಕೆ ಕರೆತನ್ನಿ, ಹೊಟ್ಟೆಗೆ ಏನೂ ಕೊಡಬೇಡಿ.

ಗಂಡನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಎದುರಿಗೆ ಲಾರಿಗಳ ಸಾಲು. ಸ್ಟೇರಿಂಗ್ ಬಿಡದೆ, ಅವರಿಗೆ ಮೆಸೇಜ್ ಕಳುಹಿಸು ಎಂದು ಫೋನಿಗೆ ಹೇಳಿದೆ. ಏನು ಕಳುಹಿಸಲಿ ಎಂದಿತು. ಹೇಳಿದೆ: "ಆಪರೇಷನ್ ಇವತ್ತೇ. ಹನ್ನೆರಡಕ್ಕ ಹೋಗಬೇಕು. ಅಪ್ಪಗ ನಾಷ್ಟಾ ಕೊಡಬ್ಯಾಡ್ರಿ." ಅದು ತಿರುಗಿ ಓದಿ, ಕಳುಹಿಸಲೇ ಎಂದು ಕೇಳಿತು. "ಕಳುಹಿಸು" ಎಂದೆ.

ಅದು ಓದಿದ್ದನ್ನು ನಾನು ಕೇಳಿಸಿಕೊಂಡೆನೇ? ಲಾರಿಯ ಹಾರ್ನ್ ಇತ್ತು ಎಂದು ಎಲ್ಲರಿಗೂ ಹೇಳಿದ್ದೇನೆ. ಎಷ್ಟು ಸಲ ಹೇಳಿದ್ದೇನೆಂದರೆ ಈಗ ಹಾರ್ನ್ ಸ್ಪಷ್ಟವಾಗಿ ಕೇಳಿಸುತ್ತದೆ. ನಾನು ಹೇಳಿದ್ದನ್ನೇ ಕೇಳಿಸಿಕೊಂಡೆ ಎಂಬುದು ನಿಜಕ್ಕೆ ಹತ್ತಿರವಿರಬಹುದು.

"ಆತು" ಎಂದು ಗಂಡನ ಉತ್ತರ ಬಂತು. ಒಂದು ಕ್ಲಾಸ್ ಮುಗಿಸಿ, ರಜೆ ಬರೆದುಕೊಟ್ಟು ತಿರುಗಿದೆ.

ಆಸ್ಪತ್ರೆಯಲ್ಲಿ ಅಪ್ಪ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದರು. ನರ್ಸ್ ಕೇಳಿದಳು, "ಅಜ್ಜಾರ, ಮುಂಜಾನಿಂದ ಏನರ ತಿಂದೀರೇನ್ರಿ?"

"ಎರಡು ರೊಟ್ಟಿ, ಪುಂಡಿಪಲ್ಯ. ಅಳಿಯ ಛಲೋ ಮಾಡ್ತಾನ್ರಿ."

ನಾನು ಗಂಡನನ್ನು ನೋಡಿದೆ. ಅವರು ಫೋನು ತೆಗೆದು ತೋರಿಸಿದರು. "ಅಪ್ಪಗ ನಾಷ್ಟಾ ಕೊಡು ಬ್ಯಾಟರಿ."

"ನಾಷ್ಟಾ ಕೊಡು, ಬ್ಯಾಟರಿ ಹಾಕು ಅಂದಿ ಅಂತ ತಿಳಿದೆ. ಮಾವಾರ ಕಿವಿ ಮಷೀನಿಗಿ ಹೊಸಾ ಬ್ಯಾಟರಿ ಹಾಕೀನಿ ನೋಡು. ಡಾಕ್ಟರ್ ಮಾತು ಕೇಳಿಸಬೇಕಲ್ಲ."

"ಕೊಡಬ್ಯಾಡ್ರಿ ಅಂದೆನ್ರಿ ನಾ."

"ಮೆಸೇಜಿನ್ಯಾಗರ ಗಂಡಗ 'ರೀ' ಅನ್ನೋದು ಬಿಡಬೇಕಿತ್ತು! ಕೊಡಬ್ಯಾಡ ಅಂದಿದ್ರ ಆ ಫೋನಿಗೂ ತಿಳೀತಿತ್ತು."

ನರ್ಸ್ ನಕ್ಕಳು. ನಾನೂ ನಕ್ಕೆನಂತೆ, ಗಂಡ ಹೇಳುತ್ತಾರೆ. ನನಗೆ ನೆನಪಿರುವುದು ಗೋಡೆಯ ಮೇಲಿನ ಸ್ವಿಚ್ ಬೋರ್ಡು. ಆ ದಿನ ಆಗುವುದಿಲ್ಲ ಎಂದರು. ಎಂಟು ದಿನ ಬಿಟ್ಟು ಇನ್ನೊಂದು ದಿನಾಂಕ ಕೊಟ್ಟರು.

ಆ ದಿನಾಂಕದ ಬೆಳಿಗ್ಗೆ ಆರಕ್ಕೆಂದು ನಾನೇ ರಿಮೈಂಡರ್ ಹಾಕಿದೆ. ಕಾರಿನಲ್ಲೇ, ಬಾಯಿಂದಲೇ. ಈ ಸಲ ಪುಸ್ತಕದ ಕನ್ನಡದಲ್ಲಿ, ಒಂದೊಂದೇ ಶಬ್ದ ಬಿಡಿಸಿ: "ಅಪ್ಪನಿಗೆ ಊಟ ತಿಂಡಿ ಬೇಡ." ಕಾರು ನಿಲ್ಲಿಸಿದ ಮೇಲೆ ತೆಗೆದು ನೋಡಿದೆ. ಒಂದಕ್ಷರ ತಪ್ಪಿರಲಿಲ್ಲ.

ಅದು ಆರಕ್ಕೆ ಸರಿಯಾಗಿ ಟಣ್ ಎಂದಿತು. ಫೋನು ಹಿಡಿದು ಅಡುಗೆಮನೆಗೆ ಬಂದೆ. ಅಪ್ಪ ರಾತ್ರಿಯ ರೊಟ್ಟಿಯ ಬುಟ್ಟಿ ಎದುರಿಗಿಟ್ಟುಕೊಂಡು ಕೂತಿದ್ದರು. ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಒಂದು ಕೈ ತೊಡೆಯ ಸಂದಿನಲ್ಲಿ, ನೋವಿರುವಲ್ಲಿ ಒತ್ತಿತ್ತು.

"ಅಪ್ಪಾ, ತಿನಬಾರದು ಅಂದಿದ್ದೆನಲ್ಲ."

"ಗೊತ್ತದ, ಯವ್ವ."

"ಮತ್ತ?"

"ಒಂದ್ ಸಲ ಹೋಗಿ ಬರ್ತೀನಿ ಅಂದಿದ್ದೆ. ಹೋಗಿ ಬಂದೆ. ದವಾಖಾನಿಯವರೇ ತಿರುಗಿ ಕಳಿಸ್ಯಾರ." ಉಳಿದ ರೊಟ್ಟಿಯನ್ನು ಚಟ್ನಿಪುಡಿಗೆ ಒತ್ತಿ ಬಾಯಿಗಿಟ್ಟುಕೊಂಡರು.

ಅತ್ತು ಕರೆದು ಒಪ್ಪಿಸಬಹುದಿತ್ತು ಎಂದು ಬಂಧುಗಳು ಹೇಳುತ್ತಾರೆ. ನಾನು ಅಪ್ಪನಿಗೆ ನೀರು ಕೊಟ್ಟೆ. ಆಮೇಲೆ ಆಸ್ಪತ್ರೆಗೆ ಫೋನು ಮಾಡಿದೆ. ನಂಬರನ್ನು ಬೆರಳಿನಿಂದಲೇ ಒತ್ತಿ, ಬರುವುದಿಲ್ಲ ಎಂದು ಹೇಳಿದೆ.