ಅತ್ತರು ಕುಡಿದ ಸೆಂಟಿನ ಬಾಟಲಿ

ಬಾಲಿಗಂಜ್ ಬಡಾವಣೆಯ ನಮ್ಮ ಫ್ಲಾಟಿನಲ್ಲಿ ನನ್ನದೇ ಎಂದು ಇದ್ದದ್ದು ಒಂದು ಸೆಂಟಿನ ಬಾಟಲಿ. ಖಾಲಿಯಾದಾಗ ಖಿದಿರ್‌ಪುರದ ಪೇಟೆಯಿಂದ ಅದೇ ಸೆಂಟು ತಂದು ತುಂಬಿಕೊಳ್ಳುತ್ತಿದ್ದೆ. ಒಂದು ದಿನ ತಂದು ನೋಡಿದರೆ ಬಾಟಲಿ ಆಗಲೇ ತುಂಬಿತ್ತು. ಒತ್ತಿದೆ. ತುಂತುರು ಚಿಮ್ಮುವ ಬದಲು ಎಣ್ಣೆಯಂಥ ಹನಿಯೊಂದು ಜಿನುಗಿತು.

"ನಾನೇ ನನ್ನ ಅತ್ತರು ಹಾಕಿದೆ ಮಾರಾಯ್ತಿ, ಎಲ್ಲ ಪರಿಮಳವೇ ಅಲ್ವಾ?" ಎಂದು ಗಂಡ ಸೇಫ್ಟಿ ಪಿನ್ ಹಿಡಿದು ತೂತು ಚುಚ್ಚಲು ಬಂದರು.

ಪಿನ್ ಕಿತ್ತುಕೊಂಡೆ. "ತೂತು ದೊಡ್ಡದಾದ್ರೆ ಮತ್ತೆ ಇದು ಹೋಳಿಯ ಪಿಚಕಾರಿಯೇ. ಆಚೆ ಹೋಗಿ ನೀವು."

ಸ್ಪಿರಿಟ್‌ಗೆ ಬೆಂಕಿ ತಗಲೀತೆಂದು ಸ್ಟವ್ ಆರಿಸಿ ಕಿಟಕಿ ತೆರೆದೆ. ಮುಚ್ಚಳ ತಿರುಗಿಸಿ ತೆಗೆದು ಅತ್ತರನ್ನು ಅವರ ಸೀಸೆಗೇ ಸುರಿದೆ. ಒತ್ತುವ ಗುಂಡಿಯನ್ನು ಎಳೆದು ತೆಗೆದು ಬಿಸಿನೀರಲ್ಲಿ ನೆನೆಹಾಕಿದೆ. ಬಾಟಲಿಯನ್ನು ಔಷಧಿ ಅಂಗಡಿಯ ಸ್ಪಿರಿಟ್‌ನಿಂದ ಎರಡು ಸಲ ತೊಳೆದೆ. ಗುಂಡಿಯನ್ನು ಮತ್ತೆ ಮುಚ್ಚಳಕ್ಕೆ ಸಿಕ್ಕಿಸಿ, ಅದರ ಕೊಳವೆಯನ್ನು ಸ್ಪಿರಿಟ್‌ನಲ್ಲಿ ಮುಳುಗಿಸಿ, ತೆಳ್ಳಗೆ ಮಂಜಿನಂತೆ ಬರುವ ತನಕ ಒತ್ತಿದೆ. ಹೆಬ್ಬೆರಳು ನೋಯುತ್ತಿತ್ತು, ಪ್ರತಿ ಒತ್ತಿಗೂ ಸಿಟ್ಟು ಏರುತ್ತಿತ್ತು. ಎಲ್ಲ ಪೂರ್ತಿ ಒಣಗಿದ ಮೇಲೆ ಮರುದಿನ ಚಿಕ್ಕ ಆಲಿಕೆಯಿಟ್ಟು ನನ್ನ ಸೆಂಟು ತುಂಬಿದೆ.

ಸಂಜೆ ಹಾಕಿಕೊಂಡು ಅವರ ಪಕ್ಕ ಕೂತೆ. ಹನ್ನೊಂದು ವರ್ಷದಿಂದ ನಾನು ಹಾಕುತ್ತಿದ್ದದ್ದು ಅದೊಂದೇ ಸೆಂಟು.

ಅವರು ಮೂಗರಳಿಸಿ ಖುಷಿಯಿಂದ ಹೇಳಿದರು: "ನೋಡಿದ್ಯಾ, ನನ್ನ ಅತ್ತರೇ ನಿಂಗೆ ಒಪ್ಪುವುದು."